ಪಿರಮಿಡ್ಡಿನ ಬುಡದ ಪಟ್ಟಿಯನ್ನು ಹಂಗೇ ನಂಬಬ್ಯಾಡ್ರಿ

ಭಾರತದ 2011ರ ಜನಸಂಖ್ಯಾ ಪಿರಮಿಡ್ ನೋಡಿದವರು ಮೊದಲು ಹೇಳೋ ಮಾತು ಒಂದೇ: "ಬುಡ ಸಣ್ಣಗಾಗೇತಿ, ಇನ್ನ ನಾವೂ ಜಪಾನ್ ಆಗ್ತೀವಿ." ಹುಬ್ಬಳ್ಳಿ-ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದಲೂ ಇದೇ ಉತ್ತರ ಬರುತ್ತದೆ. ಅರ್ಧ ಸರಿ, ಅರ್ಧ ತಪ್ಪು.

ಚಿತ್ರದಲ್ಲಿ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು. ಒಂದೊಂದು ಪಟ್ಟಿ ಐದು ವರ್ಷದ ವಯಸ್ಸಿನದು. ಕೆಳಗಿನ ಮೂರು ಪಟ್ಟಿಗಳಲ್ಲಿ ಗಂಡು-ಹೆಣ್ಣು ಕೂಡಿಸಿದರೆ 0–4ರಲ್ಲಿ 11.28 ಕೋಟಿ, 5–9ರಲ್ಲಿ 12.69 ಕೋಟಿ, 10–14ರಲ್ಲಿ 13.27 ಕೋಟಿ ಮಂದಿ. ಕಣ್ಣಿಗೆ ಬುಡ ಸೊರಗಿದಂತೆ ಕಾಣೋದು ಸಹಜ.

ಈಗ 2001ರ ಚಿತ್ರ ಪಕ್ಕಕ್ಕಿಡಿ. ಅದರಲ್ಲಿ 0–4ರ ಪಟ್ಟಿ 11.04 ಕೋಟಿ. ಆ ಮಕ್ಕಳೇ ಹತ್ತು ವರ್ಷಕ್ಕೆ 10–14ರ ಪಟ್ಟಿಗೆ ಏರಬೇಕು. ನಡುವೆ ಕೆಲವರು ತೀರಿಕೊಂಡಿರುತ್ತಾರೆ, ಹೊರದೇಶದಿಂದ ಕೋಟಿಗಟ್ಟಲೆ ಮಕ್ಕಳೇನೂ ಬಂದಿಲ್ಲ, ಅಂದರೆ ಸಂಖ್ಯೆ ಇಳಿಯಲೇಬೇಕು. ಆದರೆ 2011ರಲ್ಲಿ ಅವರು 13.27 ಕೋಟಿ! ಸತ್ತವರನ್ನು ಕಳೆದ ಮೇಲೂ 2.2 ಕೋಟಿ ಹೆಚ್ಚು. ಮೇಲಿನ ಪಟ್ಟಿ ಹೀಗೆ ತಪ್ಪಿಲ್ಲ. 2001ರ 5–9ರ 12.83 ಕೋಟಿ ಮಂದಿ 2011ರ 15–19ರಲ್ಲಿ 12.05 ಕೋಟಿಗೆ ಇಳಿದಿದ್ದಾರೆ.

ಹಾಗಾದರೆ ಆ 2.2 ಕೋಟಿ ಮಕ್ಕಳು 2001ರಲ್ಲಿ ಎಲ್ಲಿದ್ದರು? ಕಾರಣ ನಮ್ಮ ಮಾತಿನಲ್ಲೇ ಇದೆ. "ಮನ್ಯಾಗ ಎಷ್ಟ ಮಂದಿ ಅದೀರಿ?" ಅಂತ ಕೇಳಿದರೆ ತೊಟ್ಟಿಲಲ್ಲಿ ಮಲಗಿದ ಕೂಸನ್ನು ಬಿಟ್ಟು ಎಣಿಸುವ ಮನೆಗಳಿವೆ. ಇನ್ನು ವಯಸ್ಸು: ನಾಲ್ಕು ವರ್ಷ ಎರಡು ತಿಂಗಳಿನ ಹುಡುಗನಿಗೆ ಅಜ್ಜಿ "ಐದರಾಗ ನಡದಾನ್ರಿ" ಅನ್ನುತ್ತಾಳೆ. ಅವಳು ಹೇಳಿದ್ದು ನಡೆಯುತ್ತಿರುವ ವರ್ಷ, ಗಣತಿಗೆ ಬೇಕಾದದ್ದು ತುಂಬಿದ ವರ್ಷ. ಗಣತಿಗೆ ಬಂದ ಮಾಸ್ತರು 5 ಅಂತ ಬರೆದುಕೊಂಡರೆ ಹುಡುಗ ಒಂದು ಪಟ್ಟಿ ಮೇಲೆ ಜಿಗಿದ. ಒಂಬತ್ತರವನು ಹತ್ತಾಗುವುದೂ ಹೀಗೇ, ಅದಕ್ಕೇ 10–14ರ ಪಟ್ಟಿ ಒಂದಿಷ್ಟು ಉಬ್ಬಿಯೂ ಇರುತ್ತದೆ. (ತುದಿಯಲ್ಲೂ ಇದೇ ಕಥೆ. 55–59ರವರು 3.91 ಕೋಟಿ, 60–64ರವರು 3.77 ಕೋಟಿ, ಆಮೇಲೆ 65–69ಕ್ಕೆ ಒಮ್ಮೆಲೇ 2.65 ಕೋಟಿ. "ಅರವತ್ತಂತ ಬರಕೋರಿ" ಅನ್ನುವವರೇ ಆ ಮೆಟ್ಟಿಲು ಕಟ್ಟಿದವರು.)

ಸರಿಯಾದ ಓದು ಯಾವುದು? ತಪ್ಪು ಎರಡೂ ಗಣತಿಯಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿದ್ದರೆ, ಅದೇ ವಯಸ್ಸಿನ ಪಟ್ಟಿಯನ್ನು ಅದೇ ವಯಸ್ಸಿನ ಪಟ್ಟಿಗೆ ಹೋಲಿಸಬೇಕು. 0–4 ಹತ್ತು ವರ್ಷದಲ್ಲಿ 11.04ರಿಂದ 11.28ಕ್ಕೆ, 5–9 12.83ರಿಂದ 12.69ಕ್ಕೆ. ಅಂದರೆ 2011ರ ಹೊತ್ತಿಗೆ ಬುಡ ಸೊರಗಿರಲಿಲ್ಲ, ಅಗಲವಾಗುವುದನ್ನು ನಿಲ್ಲಿಸಿತ್ತು ಅಷ್ಟೇ. ಪಿರಮಿಡ್ಡಿನ ಇಳಿಜಾರು ಹೋಗಿ ಕೆಳಗೆ ನೆಟ್ಟಗಿನ ಗೋಡೆ ಬಂದಿತ್ತು. ಒಬ್ಬೊಬ್ಬ ತಾಯಿಗೆ ಮಕ್ಕಳು ಕಡಿಮೆಯಾಗುತ್ತಿದ್ದರೂ ತಾಯಂದಿರ ಸಂಖ್ಯೆಯೇ ಹೆಚ್ಚುತ್ತಿತ್ತು, ಎರಡೂ ತೂಗಿಕೊಂಡವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ, 1.7, ದೇಶದ್ದು 2.0. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು ಬೇಕಾದ 2.1ಕ್ಕಿಂತ ದರ ಕೆಳಗಿಳಿದ ಮಾತ್ರಕ್ಕೆ ಜನಸಂಖ್ಯೆ ಮರುದಿನವೇ ಇಳಿಯದಿರುವುದೂ ಇದಕ್ಕೇ. 2011ರ ಅತಿ ಅಗಲದ 10–14ರ ಪಟ್ಟಿ 2026ಕ್ಕೆ 25–29ರಲ್ಲಿದೆ, ಮದುವೆ, ಹೆರಿಗೆ, ನೌಕರಿಯ ವಯಸ್ಸು. ಅದೇ ಪಟ್ಟಿ 2061ರಲ್ಲಿ 60–64 ಆಗುತ್ತದೆ. ಪಿಂಚಣಿಯ ಲೆಕ್ಕ ಹಾಕುವವರು ಬುಡ ಬಿಟ್ಟು ಈ ಉಬ್ಬನ್ನು ಹಿಂಬಾಲಿಸಬೇಕು ಅಂತ ನನ್ನ ವಾದ.

ಈ ಲೆಕ್ಕ ದೇಶಕ್ಕೆ ಒಪ್ಪುತ್ತದೆ, ಊರಿಗೆ ಒಪ್ಪುವುದಿಲ್ಲ. ಧಾರವಾಡ ಶಹರದಲ್ಲಿ ಹಾಸ್ಟೆಲಿನ ಹುಡುಗರನ್ನೂ ಎಣಿಸುತ್ತಾರೆ, ಅವರು ಇಲ್ಲಿ ಹುಟ್ಟಿದವರಲ್ಲ, ಇಲ್ಲೇ ಮುದುಕರಾಗುವವರೂ ಅಲ್ಲ. ಗದಗ, ಹಾವೇರಿಯ ಹಳ್ಳಿಯಿಂದ ಬೆಂಗಳೂರಿಗೆ ದುಡಿಯಲು ಹೋದವರ ಪಟ್ಟಿಯಲ್ಲಿ ಬೀಳುವ ಕಚ್ಚು ನೋಡಿ "ಇಪ್ಪತ್ತು ವರ್ಷದ ಹಿಂದೆ ಹೆರಿಗೆ ಕಡಿಮೆ ಇತ್ತು" ಅಂದರೆ ಪೂರಾ ದಾರಿ ತಪ್ಪಿದಂತೆ.

ಮುಂದಿನ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಹಿಂದಿನದು 2011ರ ಮಾರ್ಚ್ 1. ನಡುವೆ 16 ವರ್ಷ, ಐದರಿಂದ ಭಾಗ ಹೋಗುವುದಿಲ್ಲ. ಹಂಗಾಗಿ ಐದು ವರ್ಷದ ಪಟ್ಟಿಗಳನ್ನು ಹೊಂದಿಸಲು ಕೂತರೆ ಒಂದು ವರ್ಷ ಜಾರುತ್ತದೆ. 2011ರ 0–4ರ ಮಕ್ಕಳು ಆಗ 16ರಿಂದ 20ರವರು. ಒಂದೊಂದು ವರ್ಷದ ವಯಸ್ಸಿನ ಕೋಷ್ಟಕ (2011ರಲ್ಲಿ ಅದರ ಹೆಸರು C-13) ತೆಗೆದು 16, 17, 18, 19, 20 ಕೂಡಿಸಿ 11.28 ಕೋಟಿಗೆ ಹೋಲಿಸಿರಿ. 20ರ ಸಾಲು ಅಕ್ಕಪಕ್ಕದ ವಯಸ್ಸನ್ನು ಎಳೆದುಕೊಂಡು ಉಬ್ಬಿದ್ದರೆ 19 ಮತ್ತು 21ರ ಸಾಲನ್ನೂ ನೋಡಿ ತೂಗಿರಿ.