ಒಂದೂ ಮುಕ್ಕಾಲು ಗಂಟೆಯ ವಿಡಿಯೋದ ಚಾಪ್ಟರ್‌ಗಳಿಗೆ "ಭಾಗ 1, ಭಾಗ 2" ಅಂತ ಹೆಸರಿಡೋ ಮಹನೀಯರಿಗೆ

ಈಗಷ್ಟೇ ಎಕ್ಸೆಲ್ ಬಗ್ಗೆ ಒಂದು ಕನ್ನಡ ವಿಡಿಯೋ ನೋಡಿದೆ. ಪಾಠ ಚಿನ್ನದಂಥದ್ದು. ಡಿಸ್ಕ್ರಿಪ್ಶನ್‌ಗೆ ಇಳಿದರೆ "00:45 ಪರಿಚಯ, 12.30 ಭಾಗ 1, 40.10 ಭಾಗ 2, ಕೊನೆಗೆ ಮುಖ್ಯವಾದದ್ದು". ಯಾರಿಗೆ ಮುಖ್ಯ ಸ್ವಾಮಿ?

ಹೆಸರಿನ ಮಾತು ಆಮೇಲೆ. ವಿಡಿಯೋವನ್ನು ವಿಷಯವಾರು ತುಂಡು ಮಾಡುವ ಚಾಪ್ಟರ್ ಇಲ್ಲಿ ಹುಟ್ಟುವುದೇ ಇಲ್ಲ. ಯೂಟ್ಯೂಬ್‌ಗೆ ಈ ಸಮಯಗಳ ಮೊದಲ ಸಾಲು 00:00 ಇಂದಲೇ ಶುರುವಾಗಬೇಕು. ಕನಿಷ್ಠ ಮೂರು ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಒಂದೊಂದು ಚಾಪ್ಟರ್ 10 ಸೆಕೆಂಡಿಗಿಂತ ಚಿಕ್ಕದಾಗಬಾರದು. 12.30 ಅಂತ ಚುಕ್ಕಿ ಇಟ್ಟರೆ ಅದು ಸಮಯವೇ ಅಲ್ಲ, ಕೋಲನ್ ಬೇಕು. ಪರೀಕ್ಷೆ ಸುಲಭ: ಸಮಯಗಳು ನೀಲಿ ಲಿಂಕ್ ಆಗಿದ್ದೂ ಪ್ಲೇಯರ್‌ನ ಕೆಳಗಿನ ಪಟ್ಟಿ ತುಂಡುತುಂಡಾಗಿಲ್ಲ ಅಂದರೆ ಇವುಗಳಲ್ಲಿ ಯಾವುದೋ ನಿಯಮ ಮುರಿದಿದೆ. ಹೆಚ್ಚಾಗಿ 00:00 ಸಾಲೇ ಇರುವುದಿಲ್ಲ.

ಈಗ ಹೆಸರು. ಗೂಗಲ್ ಹುಡುಕಾಟದಲ್ಲಿ ವಿಡಿಯೋ ಕೆಳಗೆ ಬರುವ "ಪ್ರಮುಖ ಕ್ಷಣ"ಗಳಿಗೆ ಈ ಸಾಲುಗಳೇ ಆಧಾರವಾಗಬಹುದು. ಅದಕ್ಕೆ ಸಮಯ ಮತ್ತು ಹೆಸರು ಒಂದೇ ಸಾಲಿನಲ್ಲಿರಬೇಕು, ಪ್ರತಿಯೊಂದೂ ಹೊಸ ಸಾಲಿನಲ್ಲಿ ಶುರುವಾಗಬೇಕು. "ಭಾಗ 2" ಅಂತ ಯಾವ ಪುಣ್ಯಾತ್ಮ ಹುಡುಕುತ್ತಾನೆ? ಅವನು ಹುಡುಕುವುದು ತನ್ನ ಪರದೆ ಮೇಲೆ ಕಾಡುತ್ತಿರುವ ಎರರ್ ಅನ್ನು. ಅದೇ ವಿಡಿಯೋಗೆ ಹೀಗೆ ಬರೆಯಬಹುದಿತ್ತು:

```
00:00 ಈ ಪಾಠದಲ್ಲಿ ಏನೇನಿದೆ
00:45 VLOOKUP ಯಾವಾಗ ಬೇಕು
12:30 ಇನ್ನೊಂದು ಶೀಟ್‌ನಿಂದ ಬೆಲೆ ತರುವುದು
40:10 VLOOKUP ನಲ್ಲಿ N/A ಎರರ್ ಏಕೆ ಬರುತ್ತದೆ
1:08:20 ಹೆಚ್ಚುವರಿ ಸ್ಪೇಸ್ ತೆಗೆಯಲು TRIM
```

ಪರದೆಯಲ್ಲಿ ಕಾಣುವ ಹೆಸರು ಇಂಗ್ಲಿಷ್‌ನಲ್ಲೇ ಇರಲಿ, ಸುತ್ತಲಿನ ಮಾತು ಕನ್ನಡವಾಗಲಿ. ಜನ ಟೈಪ್ ಮಾಡುವುದೂ ಹಾಗೆಯೇ. ಮುಖ್ಯವಾದ ಪದ ಮೊದಲೇ ಬರಲಿ, ಮೊಬೈಲ್‌ನಲ್ಲಿ ಉದ್ದದ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಆ 40:10 ಕ್ಕೆ ಒತ್ತಿದವನಿಗೆ ಎರರ್ ಬಂದ ಸೆಲ್ ಕೂಡಲೇ ಕಾಣಬೇಕು. ಹಿಂದಿನ ವಿಷಯದ "ಅರ್ಥ ಆಯ್ತಲ್ವಾ ಫ್ರೆಂಡ್ಸ್" ಕೇಳಿಸಿದರೆ ಅವನು ಮುಂದಿನ ವಿಡಿಯೋಗೆ ಹಾರುತ್ತಾನೆ. ನಾನಂತೂ ಹಾರುತ್ತೇನೆ, ನನಗೆ ಸಹನೆ ಅಷ್ಟಕ್ಕಷ್ಟೇ.

"ಎಲ್ಲರೂ ತಮಗೆ ಬೇಕಾದ್ದಕ್ಕೇ ಹಾರಿದರೆ ನೋಡುವ ಸಮಯ ಕಮ್ಮಿ ಆಗಲ್ವಾ?" ಅಂತ ಕೇಳುವವರಿದ್ದಾರೆ. N/A ಎರರ್‌ಗೆ ಬಂದವನು ನಿಮ್ಮ ಪರಿಚಯ ಕೇಳಲು ಕಾಯುವುದಿಲ್ಲ, ಪಟ್ಟಿ ಎಳೆದು ಹುಡುಕುತ್ತಾನೆ, ಸಿಗದಿದ್ದರೆ ಹೋಗುತ್ತಾನೆ. ಆಟೋ ಚಾಪ್ಟರ್ ಇದೆಯಲ್ಲ ಅನ್ನುವವರೂ ಅಷ್ಟೇ. ನಿಮ್ಮ ಪಾಠದ ತಿರುವು ನಿಮಗಿಂತ ಯಂತ್ರಕ್ಕೆ ಚೆನ್ನಾಗಿ ಗೊತ್ತೇ? ಕೈಯಿಂದ ಸರಿಯಾಗಿ ಬರೆದದ್ದಿದ್ದರೆ ಅದಕ್ಕೇ ಆದ್ಯತೆ.

ಸಮಯಗಳನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ನಕಲಿಸಬೇಡಿ, ಅಪ್‌ಲೋಡ್ ಆದ ವಿಡಿಯೋ ಓಡಿಸಿ ಬರೆದುಕೊಳ್ಳಿ. ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಶುರುವಿನ 20 ಸೆಕೆಂಡ್ ಕತ್ತರಿಸಿದರೆ, ಮೊದಲ ಸಾಲು ಬಿಟ್ಟು ಉಳಿದೆಲ್ಲದರಿಂದ 20 ಕಳೆಯಬೇಕು, ಡಿಸ್ಕ್ರಿಪ್ಶನ್ ತಾನಾಗಿ ಬದಲಾಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಗೂಗಲ್ ತೋರಿಸಿಯೇ ತೋರಿಸುತ್ತದೆ ಎಂಬ ಖಾತ್ರಿಯಿಲ್ಲ. "ಭಾಗ 2"ಕ್ಕಂತೂ ಕಾಯಲೇಬೇಡಿ.