ಮೂರು ಚುಕ್ಕಿಯ ಮಹಿಮೆ

ಜಾಹೀರಾತಿನಲ್ಲಿ ಸಂಬಳವಿಲ್ಲದೆ ಅತಿ ಹೆಚ್ಚು ದುಡಿಯುವವರು ಯಾರು ಅಂದರೆ ಮೂರು ಚುಕ್ಕಿಗಳು. ಟೇಬಲ್ ಟಾಪ್ ಗ್ರೈಂಡರ್ ಮಾರುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಗ್ರಾಹಕಿಯೊಬ್ಬರು ಬರೆಯುತ್ತಾರೆ: "ಹಿಟ್ಟು ಬೆಣ್ಣೆ ಹಾಗೆ ಬರುತ್ತೆ. ಆದ್ರೆ ಇದರ ಸದ್ದಿಗೆ ಪಕ್ಕದ ಮನೆಯವ್ರು ಎದ್ದು ಬರ್ತಾರೆ. ಆರು ತಿಂಗಳಿಗೇ ಬೆಲ್ಟ್ ಹೋಯ್ತು." ಜಾಹೀರಾತಿಗೆ ಬರುವಷ್ಟರಲ್ಲಿ ಅದು ಹೀಗಾಗಿರುತ್ತದೆ: "ಹಿಟ್ಟು ಬೆಣ್ಣೆ ಹಾಗೆ ಬರುತ್ತೆ... ಪಕ್ಕದ ಮನೆಯವ್ರು ಎದ್ದು ಬರ್ತಾರೆ!" ಒಂದಕ್ಷರವನ್ನೂ ಸೇರಿಸಿಲ್ಲ. ಹರಿಶ್ಚಂದ್ರನನ್ನೇ ಕರೆಸಿ ಪ್ರೂಫ್ ನೋಡಿಸಬಹುದು.

ಕತ್ತರಿಸಬಾರದೆಂದು ಯಾರೂ ಹೇಳುತ್ತಿಲ್ಲ. ಜಾಗ ಕಡಿಮೆ ಇದ್ದಾಗ ಕತ್ತರಿಸಲೇಬೇಕು. ಆದರೆ "ಆದ್ರೆ" ಎಂಬ ಪದದ ಮುಂದೆ ಕತ್ತರಿ ಬಿದ್ದರೆ ಉಳಿಯುವುದು ಗ್ರಾಹಕರ ಮಾತಲ್ಲ, ಮಾಲೀಕರ ಮಾತು. ಕತ್ತರಿಸಿದ ಸಾಲನ್ನು ಬರೆದವರಿಗೇ ತೋರಿಸಿದಾಗ "ನಾನು ಹೇಳಿದ್ದು ಇದೇ" ಅನ್ನುತ್ತಾರಾ ಎಂಬುದೇ ಪರೀಕ್ಷೆ. 2022ರ ಕೇಂದ್ರ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ: ಜಾಹೀರಾತಿನಲ್ಲಿರುವ ಮೆಚ್ಚುಗೆ ಆ ವ್ಯಕ್ತಿಯ ನಿಜವಾದ, ಈಚಿನ ಅಭಿಪ್ರಾಯವಾಗಿರಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು 2019ರ ಗ್ರಾಹಕ ಕಾಯ್ದೆಯಲ್ಲಿ ಅವಕಾಶವಿದೆ. ಚುಕ್ಕಿ ಅಷ್ಟೇನೂ ಅಗ್ಗವಲ್ಲ.

ಇನ್ನು ಆಯ್ಕೆಯ ಶಾಸ್ತ್ರ. ನಮ್ಮಲ್ಲಿ ಚಾಲ್ತಿಯಲ್ಲಿರುವ ವಿಧಾನ ಸರಳ: ಐದು ಸ್ಟಾರಿನ ರಾಶಿ ತೆಗೆ, ಕಣ್ಣಲ್ಲಿ ನೀರು ಬರಿಸುವ ನಾಲ್ಕನ್ನು ಆರಿಸು. ಮಗಳ ಮದುವೆಗೆ ವರನ ಕಡೆಯವರು ತೋರಿಸಿದ ನಾಲ್ಕು ನೆಂಟರನ್ನೇ ವಿಚಾರಿಸಿದ ಹಾಗೆ. ಇದಕ್ಕಿಂತ ತುಸು ಕಷ್ಟದ ವಿಧಾನವೊಂದಿದೆ. ರಿವ್ಯೂ ತೆರೆಯುವ ಮೊದಲೇ ನಿಯಮವನ್ನು ಹಾಳೆಯ ಮೇಲೆ ಬರೆದಿಡುವುದು. ಓದಿದ ಮೇಲೆ ಬರೆದ ನಿಯಮ, ಉತ್ತರ ನೋಡಿ ತಯಾರಿಸಿದ ಪ್ರಶ್ನೆಪತ್ರಿಕೆ.

ಈಗ ಮಾರುತ್ತಿರುವ ಮಾಡೆಲ್ ಬಂದ ಮೇಲಿನ ರಿವ್ಯೂಗಳನ್ನಷ್ಟೇ ಇಟ್ಟುಕೊಳ್ಳಿ. ಹಳೇ ಮೋಟರಿನ ಹೊಗಳಿಕೆ ಹೊಸ ಮೋಟರಿಗೆ ಸಲ್ಲದು. ಹಾಗೆ ಉಳಿದದ್ದು 240 ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಓದಿ, ಯಾವ ವಿಷಯ ಎಷ್ಟು ಸಲ ಬಂತೆಂದು ಗೆರೆ ಎಳೆಯುತ್ತಾ ಹೋಗಿ. ಸದ್ದಿನ ದೂರು 84ರಲ್ಲಿ ಇದೆ, ಅಂದರೆ ನೂರಕ್ಕೆ 35. ಜಾಹೀರಾತಿನಲ್ಲಿ ನಾಲ್ಕು ಮಾತಿಗೆ ಜಾಗವಿದ್ದರೆ ಒಂದರಲ್ಲಾದರೂ ಸದ್ದು ಕೇಳಿಸಬೇಕು. ಬೆಲ್ಟಿನ ದೂರು 30, ಎಂಟಕ್ಕೆ ಒಂದು. ನಾಲ್ಕರಲ್ಲಿ ಅದಕ್ಕೆ ಸೀಟು ಸಿಗದು, ಸರಿ. ಆದರೆ ಅದೇ ಕಾರಣಕ್ಕೆ "ವರ್ಷಗಟ್ಟಲೆ ರಿಪೇರಿನೇ ಬಂದಿಲ್ಲ" ಅನ್ನುವ ರಿವ್ಯೂವನ್ನೂ ಹಾಕುವಂತಿಲ್ಲ. ಬರೆದವರ ಮಟ್ಟಿಗೆ ಅದು ಸತ್ಯ, ಓದುವವರ ಮಟ್ಟಿಗೆ ಭರವಸೆ.

ಒಂದೊಂದು ವಿಷಯದ ರಾಶಿಯೊಳಗಿಂದ ಎತ್ತುವಾಗ ತಾರೀಖಿನ ಪ್ರಕಾರ ಜೋಡಿಸಿ ನಡುವಿನದನ್ನು ತೆಗೆಯಿರಿ. ಅದು ಬರೀ "ಸೂಪರ್" ಅಂತಿದ್ದರೆ, ಇಲ್ಲವೇ ಕೂಪನ್ ಕೊಟ್ಟು ಬರೆಸಿದ್ದಾದರೆ, ಅದರ ಮುಂದಿನದು. "ಇದು ಅಷ್ಟು ಚೆನ್ನಾಗಿಲ್ಲ ಸಾರ್" ಎಂಬುದು ಮುಂದಿನದಕ್ಕೆ ಹೋಗಲು ಕಾರಣವಲ್ಲ. ಕೆಳಗೆ ಒಟ್ಟು ಎಷ್ಟು ರಿವ್ಯೂ, ಸರಾಸರಿ ಎಷ್ಟು ಸ್ಟಾರ್ ಎಂದು ಹಾಕಿ, ಅದೂ ಭೂತಗನ್ನಡಿ ಬೇಡದ ಗಾತ್ರದಲ್ಲಿ.

ಅನುಮತಿಯ ವಿಷಯದಲ್ಲಿ ನಮ್ಮ ಮಾರ್ಕೆಟಿಂಗ್ ಪಂಡಿತರು ಸಂಸ್ಕೃತಕ್ಕೆ ಮೊರೆಹೋಗುತ್ತಾರೆ: ಮೌನಂ ಸಮ್ಮತಿಲಕ್ಷಣಂ. "ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದ್ದೀರಿ ಎಂದು ಭಾವಿಸುತ್ತೇವೆ." ಭಾವಿಸಿಕೊಳ್ಳಲಿ, ಭಾವನೆಗೆ ಜಿಎಸ್‌ಟಿ ಇಲ್ಲ. ಒಪ್ಪಿಗೆಯಾಗಬೇಕಾದರೆ ಮಾತ್ರ ಉತ್ತರ ಬರಬೇಕು. ಕೆಲವರು ಇನ್ನೂ ಮುಂದೆ ಹೋಗಿ, ಗ್ರಾಹಕಿಯ ಹೆಸರಿನ ಪಕ್ಕ ಯಾವುದೋ ದೇಶದ ಮಾಡೆಲ್‌ನ ನಗುಮುಖ ಅಂಟಿಸುತ್ತಾರೆ. ಜೀವಮಾನದಲ್ಲಿ ಉದ್ದಿನಬೇಳೆ ನೆನೆಸಿಟ್ಟ ಮುಖವಲ್ಲ ಅದು.

ಕಳಿಸಬೇಕಾದ ಮೆಸೇಜು ಇಷ್ಟೇ: "ನಮಸ್ಕಾರ ಮೇಡಂ, ನಿಮ್ಮ ರಿವ್ಯೂನಿಂದ ಕೆಳಗಿನ ಸಾಲುಗಳನ್ನು ಪತ್ರಿಕೆ ಜಾಹೀರಾತಿನಲ್ಲೂ ನಮ್ಮ ಇನ್‌ಸ್ಟಾಗ್ರಾಂ ಪುಟದಲ್ಲೂ ಆರು ತಿಂಗಳು ಬಳಸಬಹುದೇ? ಹೆಸರು, ಊರು ಹಾಕಬಹುದೇ, ಬರೀ ಇನಿಷಿಯಲ್ ಸಾಕೇ? ಫೋಟೊ ಹಾಕುವುದಿಲ್ಲ. ಇದಕ್ಕೆ ಪ್ರತಿಫಲ ಇರುವುದಿಲ್ಲ. ಬೇಡವೆನಿಸಿದಾಗ ಇದೇ ನಂಬರಿಗೆ ತಿಳಿಸಿ, ಆನ್‌ಲೈನ್‌ನಲ್ಲಿರುವುದನ್ನು ತೆಗೆಯುತ್ತೇವೆ." ಕೆಳಗೆ ಕತ್ತರಿಸಿದ ಸಾಲು, ಚುಕ್ಕಿ ಸಮೇತ. ಬಂದ ಉತ್ತರವನ್ನು ತಾರೀಖಿನೊಂದಿಗೆ ಉಳಿಸಿಡಬೇಕು. ಮೆಸೇಜು ಕಳಿಸಿದ ಹುಡುಗ ಕೆಲಸ ಬಿಟ್ಟಾಗ ಒಪ್ಪಿಗೆಗಳೆಲ್ಲ ಅವನ ಫೋನಿನ ಜೊತೆಗೇ ಹೊರಟುಹೋಗುತ್ತವೆ.

ಒಂದು ತೊಂದರೆಯನ್ನು ಮಾತ್ರ ಮುಚ್ಚಿಡುವುದಿಲ್ಲ. ಹೀಗೆ ಮರ್ಯಾದೆಯಾಗಿ ಕೇಳಿದರೆ ಉತ್ತರವೂ ಬರುತ್ತದೆ: "ಧಾರಾಳವಾಗಿ ಹಾಕ್ಕೊಳ್ಳಿ. ಬೆಲ್ಟ್ ಯಾವಾಗ ಕಳಿಸ್ತೀರಿ?"