ಡಬ್ಬಿಗೆ ಸುರಿದ ಚಟ್ನಿಪುಡಿಯ ಬ್ಯಾಚ್ ಸಂಖ್ಯೆ ಯಾವುದು?

ಪತ್ರಿಕಾ ಕಚೇರಿಯ ಮೇಜಿನ ಮೇಲೆ ಪ್ರಕಟಣೆಗಳನ್ನು ತಿದ್ದುತ್ತಾ ವಯಸ್ಸಾದವನು ನಾನು. ಸನ್ಮಾನ, ಶಿಬಿರ, ವಾರ್ಷಿಕೋತ್ಸವದ ಪ್ರಕಟಣೆ ಕೆಟ್ಟದಾಗಿದ್ದರೆ ಯಾರಿಗೂ ನಷ್ಟವಿಲ್ಲ. ಮಾರಿದ ಆಹಾರವನ್ನು ವಾಪಸು ಕರೆಸಿಕೊಳ್ಳುವ ಪ್ರಕಟಣೆ ಹಾಗಲ್ಲ. ಅದು ಕೆಟ್ಟದಾಗಿದ್ದರೆ ಯಾವುದೋ ಮನೆಯ ಮಗುವಿಗೆ ಉಸಿರು ಕಟ್ಟಬಹುದು. ಹಾಸನದ ಹತ್ತಿರ ಚಟ್ನಿಪುಡಿ ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ಇತ್ತೀಚೆಗೆ ಇಂಥದೊಂದು ಕರಡನ್ನು ನನ್ನ ಬಳಿಗೆ ತಂದರು. ಘಟಕದ ಹೆಸರು ಇಲ್ಲಿ ಬೇಡ.

ಆದದ್ದು ಇಷ್ಟು. ಅವರಲ್ಲಿ ಹುರಿಗಡಲೆ ಚಟ್ನಿಪುಡಿಯೂ ಇದೆ, ಕಡಲೆಕಾಯಿ ಚಟ್ನಿಪುಡಿಯೂ ಇದೆ. ಎರಡರ ಪೊಟ್ಟಣಗಳ ಬಣ್ಣವೂ ಒಂದೇ, ಹೆಸರಿನ ಸಾಲಷ್ಟೇ ಬೇರೆ. ಒಂದು ದಿನದ ಪ್ಯಾಕಿಂಗ್‌ನಲ್ಲಿ ಹುರಿಗಡಲೆಯ ಪೊಟ್ಟಣಗಳಿಗೆ ಕಡಲೆಕಾಯಿ ಪುಡಿ ಹೋಯಿತು. ಬೇಲೂರಿನ ಅಂಗಡಿಯವರೊಬ್ಬರು ರುಚಿ ನೋಡಿ ಫೋನ್ ಮಾಡಿದರು. ಆಮೇಲೆ ಖಾಲಿ ಕವರುಗಳ ಲೆಕ್ಕ ತೆಗೆದಾಗ ಹುರಿಗಡಲೆಯ ಕವರು ಎಷ್ಟು ಹೆಚ್ಚು ಖರ್ಚಾಗಿತ್ತೋ ಕಡಲೆಕಾಯಿಯ ಕವರು ಅಷ್ಟೇ ಉಳಿದಿತ್ತು. ಹಿಂದಿನ ಮತ್ತು ಮುಂದಿನ ದಿನಗಳ ಲೆಕ್ಕ ಸರಿಯಾಗಿತ್ತು.

ಪುಡಿ ಕೆಟ್ಟಿರಲಿಲ್ಲ, ಹೆಚ್ಚಿನವರು ತಿಂದು ಸುಮ್ಮನಾಗುತ್ತಾರೆ. ಆದರೆ ಕಡಲೆಕಾಯಿ ಅಲರ್ಜಿ ಇರುವವರಿಗೆ ಅದರ ಅಲ್ಪ ಪ್ರಮಾಣವೂ ಸಾಕು. ಹುರಿದರೆ ಅಲರ್ಜಿಯ ಅಂಶ ಹೋಗುವುದಿಲ್ಲ. ಪೊಟ್ಟಣದ ಮೇಲೆ ಕಡಲೆಕಾಯಿಯ ಹೆಸರನ್ನು ನಮೂದಿಸಲೇಬೇಕೆಂಬ ನಿಯಮ ಇರುವುದು ಇದಕ್ಕೇ. ಇನ್ನು, ಮಾರಿದ ಆಹಾರ ಕಾನೂನಿಗೆ ಒಪ್ಪುವಂತಿಲ್ಲ ಎಂದು ತಿಳಿದೊಡನೆ ಅದನ್ನು ಹಿಂಪಡೆಯಲು ಆರಂಭಿಸಿ, ಕಾರಣ ತಿಳಿಸಿ, ಅಧಿಕಾರಿಗಳಿಗೆ ಮಾಹಿತಿ ಕೊಡಬೇಕೆಂದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಮಾಲೀಕರು ಅಧಿಕಾರಿಗಳಿಗೆ ತಿಳಿಸಿಯಾಗಿತ್ತು. ಉಳಿದದ್ದು ಜನರಿಗೆ ತಿಳಿಸುವುದು.

ಅವರ ಕರಡು ಹೀಗಿತ್ತು: 'ಗ್ರಾಹಕರ ವಿಶ್ವಾಸಕ್ಕೆ ಪಾತ್ರವಾಗಿರುವ ನಮ್ಮ ಸಂಸ್ಥೆಯು ಕೆಲವು ತಾಂತ್ರಿಕ ಕಾರಣಗಳಿಂದ ತನ್ನ ಒಂದು ಉತ್ಪನ್ನವನ್ನು ಮುನ್ನೆಚ್ಚರಿಕೆ ಕ್ರಮವಾಗಿ ಹಿಂಪಡೆಯುತ್ತಿದೆ. ಗ್ರಾಹಕರಿಗೆ ಅನನುಕೂಲ ಉಂಟಾಗಿದ್ದಲ್ಲಿ ವಿಷಾದಿಸುತ್ತೇವೆ.'

ಯಾವ ಪೊಟ್ಟಣ? ಏನಾಗಿದೆ? ನಾನೇನು ಮಾಡಲಿ? ಓದುಗರ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಕ್ಷಮೆಯೂ ಷರತ್ತಿನ ಮೇಲೆ ನಿಂತಿದೆ. ಅನನುಕೂಲ ಆಗಿದ್ದರೆ ಮಾತ್ರವಂತೆ! ಕೇಳಿದರೆ, ವಕೀಲರು ಹೀಗೇ ಬರೆಯಲು ಹೇಳಿದರು ಎಂದರು. ತಪ್ಪೊಪ್ಪಿಗೆಯನ್ನು ನಾಳೆ ಯಾರಾದರೂ ನ್ಯಾಯಾಲಯಕ್ಕೆ ಒಯ್ದಾರು ಎಂಬ ಭಯ. ಆ ಭಯ ಸುಳ್ಳಲ್ಲ. ಆದರೆ ಎಚ್ಚರಿಕೆ ಸಿಗದೆ ತಿಂದವರು ನ್ಯಾಯಾಲಯಕ್ಕೆ ಹೋದರೆ, ಈ ಎರಡು ಸಾಲುಗಳ ಕಾಗದ ಮಾಲೀಕರನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ ವಕೀಲರ ಹತ್ತಿರ ಉತ್ತರವಿರಲಿಲ್ಲ.

ಈ ಕರಡನ್ನು ಓದಿದಾಗ ನನಗೆ 2015ರ ಮ್ಯಾಗಿ ಪ್ರಕರಣ ನೆನಪಾಯಿತು. ಆಗ ನೆಸ್ಲೆ ನೂಡಲ್ಸನ್ನು ಅಂಗಡಿಗಳಿಂದ ತೆಗೆಯುವಾಗ, ಪದಾರ್ಥ ಸುರಕ್ಷಿತವಾಗಿಯೇ ಇದೆ, ಗೊಂದಲದ ವಾತಾವರಣದಿಂದಾಗಿ ವಾಪಸು ಪಡೆಯುತ್ತಿದ್ದೇವೆ ಎಂದಿತ್ತು. ಕೆಲವೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ನೂಡಲ್ಸ್ ಮೇಲಿನ ಸರ್ಕಾರಿ ನಿಷೇಧವನ್ನು ರದ್ದುಪಡಿಸಿತು, ಆದ್ದರಿಂದ ಕಂಪನಿಗೆ ತನ್ನ ವಾದವಿತ್ತು ಎನ್ನೋಣ. ನಮ್ಮ ಮಾಲೀಕರಿಗೆ ಆ ವಾದ ಇರಲಿಲ್ಲ. ಕವರು ಅದಲುಬದಲಾದದ್ದು ಲೆಕ್ಕದಲ್ಲೇ ಸಾಬೀತಾಗಿತ್ತು. ಸಾಬೀತಾದುದನ್ನು ಮಸುಕು ಮಾಡಿ ಹೇಳುವುದರಿಂದ ಅನುಮಾನ ಅವರ ಉಳಿದ ಪುಡಿಗಳಿಗೆಲ್ಲ ಹರಡುತ್ತದೆ.

ಕೊನೆಗೆ ನಾವು ಬರೆದದ್ದು ಹೀಗೆ ಆರಂಭವಾಯಿತು:

'ನಮ್ಮ ಹುರಿಗಡಲೆ ಚಟ್ನಿಪುಡಿಯ 200 ಗ್ರಾಂ ಪೊಟ್ಟಣಗಳಲ್ಲಿ ಒಂದು ಬ್ಯಾಚಿನವುಗಳಿಗೆ ತಪ್ಪಾಗಿ ಕಡಲೆಕಾಯಿ ಚಟ್ನಿಪುಡಿ ತುಂಬಲಾಗಿದೆ. ಕವರಿನ ಮೇಲೆ ಕಡಲೆಕಾಯಿಯ ಹೆಸರಿಲ್ಲ. ಕಡಲೆಕಾಯಿ ಅಲರ್ಜಿ ಇರುವವರು ದಯವಿಟ್ಟು ಇದನ್ನು ತಿನ್ನಬೇಡಿ, ರುಚಿಯನ್ನೂ ನೋಡಬೇಡಿ. ಪ್ಯಾಕಿಂಗ್ ಸಮಯದಲ್ಲಿ ನಮ್ಮಿಂದಾದ ತಪ್ಪು ಇದು. ಕ್ಷಮೆ ಕೋರುತ್ತೇವೆ.'

ಅದರ ಕೆಳಗೆ ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ಇವು ಕವರಿನ ಹಿಂಬದಿಯಲ್ಲಿ ಎಲ್ಲಿ ಇರುತ್ತವೆ ಎಂಬುದು, ಯಾವ ಊರುಗಳ ಅಂಗಡಿಗಳಿಗೆ ಸರಕು ಹೋಗಿತ್ತು ಎಂಬುದು. ತಿಂದ ಮೇಲೆ ಮೈಮೇಲೆ ದದ್ದು, ತುಟಿ ಅಥವಾ ಮುಖದ ಊತ, ವಾಂತಿ, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆವು. ಬೇರೆ ಬ್ಯಾಚುಗಳು ಸರಿಯಾಗಿವೆ ಎಂದಷ್ಟೇ ಹೇಳದೆ, ಅವುಗಳ ಕವರಿನ ಲೆಕ್ಕ ತಾಳೆಯಾಗಿದೆ ಎಂಬ ಕಾರಣವನ್ನೂ ಕೊಟ್ಟೆವು. 'ಯಾರಿಗೂ ತೊಂದರೆಯಾಗಿಲ್ಲ' ಎಂಬ ಸಾಲನ್ನು ಮಾಲೀಕರು ಸೇರಿಸಿದ್ದರು. ಅದನ್ನು 'ಈವರೆಗೆ ನಮಗೆ ಅಂಥ ದೂರು ಬಂದಿಲ್ಲ' ಎಂದು ತಿದ್ದಿದೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ ತಾನೆ?

ಇಷ್ಟಾದರೂ ಒಂದು ದೊಡ್ಡ ತೂತು ಉಳಿದಿತ್ತು. ಅದನ್ನು ತೋರಿಸಿದವರು ಮಾಲೀಕರ ಹೆಂಡತಿ. 'ನಮ್ಮ ಮನೆಗಳಲ್ಲಿ ಪುಡಿಯನ್ನು ಪೊಟ್ಟಣದಲ್ಲಿ ಇಡುತ್ತಾರೇನ್ರೀ? ತಂದ ದಿನವೇ ಡಬ್ಬಿಗೆ ಸುರಿದು ಕವರು ಎಸೆಯುತ್ತೇವೆ. ಬ್ಯಾಚ್ ಸಂಖ್ಯೆ ಎಲ್ಲಿಂದ ತರಬೇಕು?' ಎಂದರು. ಕಂಪನಿಗಳು ಪ್ರಕಟಣೆಯಲ್ಲಿ ಕೊಡುವ ಗುರುತೆಲ್ಲ ಕಸದ ಬುಟ್ಟಿಗೆ ಹೋದ ಕವರಿನ ಮೇಲೆಯೇ ಇರುತ್ತದೆ. ಹಳೆಯ ಪುಡಿಯ ಮೇಲೆಯೇ ಹೊಸದನ್ನು ಸುರಿಯುವವರೂ ಇದ್ದಾರೆ, ಆಗ ಡಬ್ಬಿಯ ಅಷ್ಟೂ ಪುಡಿ ಅನುಮಾನಕ್ಕೆ ಒಳಗಾಗುತ್ತದೆ. ಆದ್ದರಿಂದ ಸರಕು ಅಂಗಡಿಗಳಿಗೆ ತಲುಪಿದ ಮೊದಲ ದಿನದಿಂದ ಪ್ರಕಟಣೆಯ ದಿನದವರೆಗಿನ ಅವಧಿಯನ್ನು ಕೊಟ್ಟು, 'ಈ ದಿನಗಳಲ್ಲಿ ಕೊಂಡು ಡಬ್ಬಿಗೆ ಹಾಕಿದ್ದರೆ, ಕವರು ಇಲ್ಲದಿದ್ದರೂ ಅದೇ ಬ್ಯಾಚಿನದೆಂದು ತಿಳಿದು ವಾಪಸು ಕೊಡಿ. ಡಬ್ಬಿಯನ್ನೂ ಚಮಚವನ್ನೂ ಸೋಪು ಹಾಕಿ ತೊಳೆಯಿರಿ' ಎಂದು ಸೇರಿಸಿದೆವು. ದೂರವಾಣಿ ಸಂಖ್ಯೆಯನ್ನು ಪ್ರಕಟಣೆಯಲ್ಲೇ ಮುದ್ರಿಸಬೇಕಾಯಿತು. 'ಪೊಟ್ಟಣದ ಮೇಲಿನ ಸಂಖ್ಯೆಗೆ ಕರೆ ಮಾಡಿ' ಎಂದರೆ ಮತ್ತೆ ಅದೇ ಕಸದ ಬುಟ್ಟಿ.

ಕವರನ್ನೇ ಕೇಳದ ಮೇಲೆ ಬಿಲ್ ಕೇಳುವುದೂ ಅರ್ಥವಿಲ್ಲದ್ದು. ಮಾಲೀಕರು ಇಲ್ಲಿ ಬಹಳ ಹೊತ್ತು ಜಗ್ಗಾಡಿದರು, ಯಾರ್ಯಾರೋ ಯಾವ್ಯಾವುದೋ ಪುಡಿ ತಂದು ಹಣ ಕೇಳುತ್ತಾರೆ ಎಂದು. ಕೆಲವರು ಕೇಳಬಹುದು. ನಮ್ಮ ಕಡೆ ಸಂತೆಯಲ್ಲೂ ಹಳ್ಳಿಯ ಗೂಡಂಗಡಿಯಲ್ಲೂ ಬಿಲ್ ಕೊಡುವವರು ಯಾರು? ಬಿಲ್ ಬೇಕೆಂದರೆ ಪೊಟ್ಟಣಗಳು ಹಿಂದಿರುಗುವುದಿಲ್ಲ, ಮನೆಯಲ್ಲೇ ಉಳಿಯುತ್ತವೆ. ಕೊನೆಗೆ ಬಿಲ್ಲಿನ ಷರತ್ತು ಹೋಯಿತು.

ಅಂಗಡಿಯವರಿಗೆ ಬೇರೆಯದೇ ಪತ್ರ ಬೇಕೆಂದು ನಾನು ಹಟ ಹಿಡಿದೆ. ಗ್ರಾಹಕರಿಗೆ ಹಣ ವಾಪಸು ಕೊಡುವುದು ಅವರ ಗಲ್ಲಾಪೆಟ್ಟಿಗೆಯಿಂದ. ಘಟಕ ಅದನ್ನು ಯಾವಾಗ ತುಂಬಿಕೊಡುತ್ತದೆಂದು ಗೊತ್ತಿಲ್ಲದಿದ್ದರೆ ಅವರು 'ನಮಗೆ ಹೇಳಿಲ್ಲ' ಎಂದು ಗ್ರಾಹಕರನ್ನು ಸಾಗಹಾಕುತ್ತಾರೆ. ಆ ಪತ್ರದಲ್ಲಿ ಇದ್ದದ್ದು ಇಷ್ಟೇ: ಉಳಿದ ಪೊಟ್ಟಣಗಳನ್ನು ಈಗಲೇ ಕಪಾಟಿನಿಂದ ತೆಗೆದು ಬೇರೆ ಪೆಟ್ಟಿಗೆಯಲ್ಲಿ ಕಟ್ಟಿ 'ಮಾರಾಟಕ್ಕಲ್ಲ' ಎಂದು ಬರೆಯಿರಿ, ವಾಪಸು ಬಂದದ್ದನ್ನು ಅದಕ್ಕೇ ಸೇರಿಸಿ ಎಣಿಕೆ ಇಡಿ, ನಮ್ಮ ವಾಹನ ಬಂದು ಎಣಿಸಿಕೊಂಡು ಅಲ್ಲೇ ಹಣ ಕೊಡುತ್ತದೆ. ಪ್ರಕಟಣೆಯ ಒಂದು ಪ್ರತಿಯನ್ನು ತಕ್ಕಡಿಯ ಹತ್ತಿರ, ಗ್ರಾಹಕರ ಕಣ್ಣಿಗೆ ಬೀಳುವಂತೆ ಅಂಟಿಸಲು ಜೊತೆಗೇ ಕಳುಹಿಸಿದರು.